ಒಂದಕ್ಕೂ ಎರಡಕ್ಕೂ ನಡುವೆ

ನಮ್ಮಪ್ಪನಿಗೆ ಬರುವ ಅಂಕಿ ಎರಡೇ ಎಂದು ಅವ್ವ ಹಂಗಿಸುತ್ತಿದ್ದಳು. ಒಂದು ಮತ್ತು ಎರಡು. ಅಪ್ಪ ಮೊಳಕಾಲ್ಮುರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ. ಆಗಸ್ಟ್ ಹದಿನೈದು ಹತ್ತಿರ ಬಂದರೆ ಊರಿನ ಶಾಲೆಗಳ ಮಕ್ಕಳನ್ನೆಲ್ಲ ಒಂದೇ ಮೈದಾನದಲ್ಲಿ ನಿಲ್ಲಿಸಿ ಕವಾಯತು ಮಾಡಿಸುವ ಹೊಣೆ ಅವನದು. ‘ಒಂದು’ ಎಂದರೆ ಅಷ್ಟೂ ಮಕ್ಕಳು ಮೊಣಕಾಲು ಬಗ್ಗಿಸಿ ಕೆಳಗಿಳಿದು ಅಲ್ಲೇ ನಿಲ್ಲಬೇಕು. ಅಪ್ಪ ಸಾಲುಗಳ ನಡುವೆ ನಡೆಯುತ್ತಾ ಯಾರ ಬೆನ್ನು ಗೂನಾಗಿದೆ, ಯಾರ ಕೈ ಸೊಟ್ಟಗಿದೆ ಎಂದು ನೋಡಿ ಬರುತ್ತಿದ್ದ. ಆಮೇಲೆ ‘ಎರಡು’. ಎಲ್ಲರೂ ಒಟ್ಟಿಗೆ ಹಾರಿ ಒಟ್ಟಿಗೆ ನೆಲ ಮುಟ್ಟಬೇಕು, ಒಂದೇ ಸದ್ದು ಕೇಳಬೇಕು. ಆ ಒಂದೇ ಸದ್ದು ಕೇಳಿದರೆ ಅಪ್ಪನ ಮುಖ ಅರಳುತ್ತಿತ್ತು. ಒಮ್ಮೆ ಯಾರೋ ದೊಡ್ಡ ಅಧಿಕಾರಿ ವೇದಿಕೆಯಿಂದಲೇ ಚಪ್ಪಾಳೆ ತಟ್ಟಿದ್ದನ್ನು ಅವನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ.

ಶಾಲೆಯ ಕವಾಯತು ಶಾಲೆಯಲ್ಲೇ ಉಳಿದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅದು ನಮ್ಮ ಹಿತ್ತಲಿಗೂ ಬಂತು. ಆಟ ಆಡುವ ಹುಡುಗಿಯರಿಗಾಗಿ ಸರ್ಕಾರದ ಕ್ರೀಡಾ ಹಾಸ್ಟೆಲ್ ಇತ್ತು. ಊಟ, ಓದು, ಆಟ ಎಲ್ಲವೂ ಅಲ್ಲೇ. ವಾಲಿಬಾಲ್‌ಗೆ ಹುಡುಗಿಯರನ್ನು ಆರಿಸುವಾಗ ಓಟ, ಚೆಂಡೆಸೆತ ಇವುಗಳ ಜೊತೆ ಗೋಡೆ ಪಕ್ಕ ನಿಂತು ಮೇಲಕ್ಕೆ ಹಾರುವ ಪರೀಕ್ಷೆಯನ್ನೂ ಇಡುತ್ತಿದ್ದರು. ಬೆರಳ ತುದಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು, ಹಿಮ್ಮಡಿ ನೆಲದಲ್ಲೇ ಇಟ್ಟು, ಕೈ ಚಾಚಿ ಗೋಡೆಗೆ ಒಂದು ಗುರುತು ಹಾಕಬೇಕು. ಅಲ್ಲಿಂದ ಇಷ್ಟು ಮೇಲೆ ಎಂದು ಅಳೆದು ಪರೀಕ್ಷೆ ಮಾಡುವವರು ಒಂದು ಗೆರೆ ಎಳೆಯುತ್ತಾರೆ. ನಿಂತಲ್ಲಿಂದಲೇ ಹಾರಿ ಆ ಗೆರೆ ಮುಟ್ಟಿದರೆ ಹಾಸ್ಟೆಲ್, ಮುಟ್ಟದಿದ್ದರೆ ಮನೆ. ಓಡಿ ಬಂದು ಹಾರುವ ಹಾಗಿಲ್ಲ.

ನಮ್ಮೂರಿನ ಹುಡುಗಿಯರು ವರ್ಷವೂ ಓಟದಲ್ಲಿ ಗೆದ್ದು ಗೋಡೆಯ ಹತ್ತಿರ ಸೋತು ಬರುತ್ತಿದ್ದರು. ಊರಿನ ಹೆಸರಲ್ಲೇ ಮೊಳಕಾಲು ಇಟ್ಟುಕೊಂಡವರಿಗೆ ಮೊಳಕಾಲಲ್ಲೇ ಬಲ ಇಲ್ಲವಲ್ಲ ಎಂದು ಚಳ್ಳಕೆರೆಯವರು ಗೇಲಿ ಮಾಡುತ್ತಿದ್ದರು. ಸೋಲುವುದೂ ಬಹಳದಲ್ಲಲ್ಲ, ಬೆರಳಿನ ಅಗಲದಲ್ಲಿ. ಅವರಿಗೆ ಹಾರುವುದನ್ನು ಕಲಿಸುತ್ತಿದ್ದ ಅಪ್ಪ ಅದಕ್ಕೆ ದಿನಕ್ಕೊಂದು ಕಾರಣ ಹುಡುಕುತ್ತಿದ್ದ. ಮಕ್ಕಳು ಸರಿಯಾಗಿ ಉಣ್ಣುವುದಿಲ್ಲ ಎನ್ನುತ್ತಿದ್ದ, ಬೆಳಿಗ್ಗೆ ಬೇಗ ಏಳುವುದಿಲ್ಲ ಎನ್ನುತ್ತಿದ್ದ.

ನಮ್ಮಕ್ಕನೂ ಅಪ್ಪನ ಕೈಯಲ್ಲೇ ಕಲಿತು ಹಾಗೆ ಸೋತವಳೇ. ನನಗಿಂತ ಕೆಲವೇ ವರ್ಷಕ್ಕೆ ದೊಡ್ಡವಳು, ನನಗಿಂತ ಎತ್ತರ, ನೆಟ್ ಹತ್ತಿರ ಅವಳು ಎದ್ದಳೆಂದರೆ ಎದುರಿನವರು ಹಿಂದೆ ಸರಿಯುತ್ತಿದ್ದರು. ಅವಳ ಸರದಿಯಲ್ಲಿ ಗೆರೆ ಒಂದು ಬೆರಳು ಮೇಲೇ ಉಳಿಯಿತು. ಅಪ್ಪ ಮನೆಗೆ ಬಂದು ಟವೆಲ್ಲು ಕೊಡವುತ್ತಾ, “ಇವಳು ಮನಸ್ಸಿಟ್ಟು ಎಗರ್ಲಿಲ್ಲ” ಎಂದ. ಅಷ್ಟೇ. ಅಕ್ಕ ಮಾರನೆಯ ದಿನ ಬೂಟನ್ನು ಅಟ್ಟದ ಮೇಲೆ ಎಸೆದಳು. ಆಮೇಲೆ ಮೈದಾನದ ಕಡೆ ತಲೆ ಹಾಕಲಿಲ್ಲ. ಪಿಯುಸಿ ಸೇರಿದಳು. ಅಪ್ಪನ ಜೊತೆ ಮಾತು ‘ಊಟಕ್ಕೆ ಏಳು’, ‘ನೀರು ಬಿಟ್ಟೈತೆ’ ಇಷ್ಟಕ್ಕೆ ನಿಂತಿತು.

ನನ್ನ ಸರದಿ ಬಂದಾಗ ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಅದೇ ನನ್ನ ಕೊನೆಯ ವರ್ಷ. ಮುಂದಿನ ಸಲದ ಹೊತ್ತಿಗೆ ವಯಸ್ಸು ದಾಟುತ್ತಿತ್ತು. ಹಾಸ್ಟೆಲ್ ಬೇಕೇ ಬೇಕು ಎಂದು ನಾನು ಹಟ ಹಿಡಿದಿದ್ದೆ. ವಾಲಿಬಾಲ್ ಮೇಲಿನ ಪ್ರೀತಿ ನಿಜ. ಅಪ್ಪನ ಸೀಟಿಯ ಸದ್ದು ಕೇಳದ ಒಂದು ಜಾಗ ಬೇಕು ಅನ್ನಿಸುತ್ತಿದ್ದದ್ದೂ ಅಷ್ಟೇ ನಿಜ. ವಿಚಿತ್ರವೆಂದರೆ ಅಲ್ಲಿಗೆ ಹೋಗುವುದಕ್ಕೂ ಅಪ್ಪನೇ ಬೇಕಿತ್ತು.

ದಿನಾ ಬೆಳಿಗ್ಗೆ ಹಿತ್ತಲಿನ ಗೋಡೆಯ ಪಕ್ಕ ನಿಲ್ಲಿಸುತ್ತಿದ್ದ. “ಒಂದು.” ನಾನು ಕೆಳಗಿಳಿದು ನಿಲ್ಲುತ್ತಿದ್ದೆ. ತೊಡೆ ನಡುಗಲು ಶುರುವಾಗುತ್ತಿತ್ತು. “ಅಲ್ಲೇ ನಿಂತು ಬಲ ಕಟ್ಕೋ. ಅವಸರ ಮಾಡ್ಬೇಡ. ಬಲ ಎಲ್ಲಾ ಕಾಲಿಗೆ ಇಳೀಲಿ.” ಆಮೇಲೆ “ಎರಡು.” ಹಾರುತ್ತಿದ್ದೆ. ದಿನದಿಂದ ದಿನಕ್ಕೆ ಆ ನಿಲ್ಲುವುದನ್ನು ನಾನು ಚೆನ್ನಾಗಿ ಕಲಿತೆ. ಒಂದಕ್ಕೂ ಎರಡಕ್ಕೂ ನಡುವೆ ಕಲ್ಲಿನಂತೆ ಅಲುಗಾಡದೆ ನಿಂತರೆ ಅಪ್ಪ “ಶಭಾಷ್” ಎನ್ನುತ್ತಿದ್ದ. ಆ ಶಭಾಷ್‌ಗಾಗಿ ಇನ್ನೂ ಆಳಕ್ಕೆ ಇಳಿದು ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಹಲ್ಲುಜ್ಜುತ್ತಾ ಒಂದು ಕ್ಷಣ ನೋಡಿ ಒಳಗೆ ಹೋಗುತ್ತಿದ್ದಳು.

ಆಯ್ಕೆ ನಡೆಯುವುದು ಚಳ್ಳಕೆರೆಯಲ್ಲಿ ಎಂದು ತಿಳಿಯಿತು. ಹೆಣ್ಣುಮಗಳ ಜೊತೆ ಇನ್ನೊಂದು ಹೆಣ್ಣಿರಲಿ ಎಂದು ಅವ್ವ ಅಕ್ಕನನ್ನೂ ಹೊರಡಿಸಿದಳು. ಅಕ್ಕ ಮುಖ ಗಂಟಿಕ್ಕಿಕೊಂಡೇ ಬಂದಳು. ಖಾಸಗಿ ಬಸ್ಸು ಹಾನಗಲ್ಲು ದಾಟಿ ತಳಕಿನ ಹತ್ತಿರ ಬಂತು. ಅಪ್ಪ ಮುಂದಿನ ಸೀಟಿನಲ್ಲಿ ಕೂತು ಆಗಾಗ ತಿರುಗಿ, “ಒಂದು ಅಂದ್ರೆ?” ಎಂದು ಕೇಳುತ್ತಿದ್ದ. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು “ಲೆಕ್ಕದ ಪರೀಕ್ಷೇನೇನಮ್ಮ?” ಎಂದು ನನ್ನನ್ನು ಕೇಳಿದಳು. ಅಕ್ಕ ಕಿಟಕಿ ಕಡೆ ತಿರುಗಿ ನಕ್ಕಳು. ನನಗೆ ನಗು ಬರಲಿಲ್ಲ.

ಚಳ್ಳಕೆರೆಯಲ್ಲಿ ಇಳಿದಾಗ ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾ ಹುರಿದಂಥ ವಾಸನೆ ಬರುತ್ತಿತ್ತು. ಬೇರೆ ದಿನವಾದರೆ ಬಾಯಲ್ಲಿ ನೀರೂರುತ್ತಿತ್ತು. ಮೈದಾನದಲ್ಲಿ ಆಗಲೇ ಹುಡುಗಿಯರು ಸೇರಿದ್ದರು. ಓಟ ಮುಗಿಯಿತು, ನಾನು ಮೊದಲ ಗುಂಪಿನಲ್ಲಿ ಬಂದೆ. ಚೆಂಡೆಸೆತವೂ ಆಯಿತು. ಉಳಿದದ್ದು ಗೋಡೆ.

ಗೋಡೆಯ ಪಕ್ಕ ಸ್ಟೂಲಿನ ಮೇಲೆ ನಿಂತಿದ್ದವರು ಕೋಚ್ ಮೇಡಂ. ಹೊರಗಿನ ಜಿಲ್ಲೆಯಿಂದ ಹೊಸದಾಗಿ ಬಂದವರು, ಕತ್ತರಿಸಿದ ಕೂದಲು, ಕುತ್ತಿಗೆಯಲ್ಲಿ ಸೀಟಿ. ಮಾತು ಕಡಿಮೆ. ಒಬ್ಬೊಬ್ಬಳಿಗೂ ಗುರುತು ಹಾಕಿಸಿ, ಕಟ್ಟಿಗೆಯ ಅಳತೆಪಟ್ಟಿ ಹಿಡಿದು, ಕೆಂಪು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಒಬ್ಬೊಬ್ಬರಿಗೂ ಮೂರು ಅವಕಾಶ. ಹಗ್ಗದ ಆಚೆ ಮನೆಯವರು, ಮೇಷ್ಟ್ರುಗಳು. ಅಪ್ಪ ಹಗ್ಗಕ್ಕೆ ಹೊಟ್ಟೆ ಒತ್ತಿಕೊಂಡು ನಿಂತಿದ್ದ.

ನನ್ನ ಹೆಸರು ಕೂಗಿದರು. ಗುರುತು ಹಾಕಿದೆ. ಮೇಡಂ ಗೆರೆ ಎಳೆದರು. ಕತ್ತೆತ್ತಿ ನೋಡಿದಾಗ ಅದು ಆಗದ ಮಾತೇನೂ ಅನ್ನಿಸಲಿಲ್ಲ. ಹಗ್ಗದ ಆಚೆಯಿಂದ ಅಪ್ಪನ ದನಿ ಬಂತು. “ಒಂದು.” ಇಳಿದೆ. ನಿಂತೆ. ಬೆನ್ನು ನೆಟ್ಟಗೆ, ಉಸಿರು ಬಿಗಿ ಹಿಡಿದು ಕಾದೆ. “ಎರಡು.” ಹಾರಿದೆ. ಬೆರಳು ಗೋಡೆಗೆ ಬಡಿಯಿತು. ಇಳಿದು ನೋಡಿದರೆ ನನ್ನ ಬಿಳಿ ಗುರುತು ಕೆಂಪು ಗೆರೆಯ ಕೆಳಗಿತ್ತು. ಬೆರಳಿನ ಅಗಲ. ಊರಿನ ಅದೇ ಬೆರಳು.

“ಇನ್ನೂ ಕೆಳಗಿಳಿ” ಎಂದು ಅಪ್ಪ ಕೂಗಿದ. “ಇನ್ನಷ್ಟು ಹೊತ್ತು ನಿಲ್ಲು. ಬಲ ಕಟ್ಕೊಂಡಿಲ್ಲ ನೀನು.”

ಎರಡನೆಯ ಸಲ ಹಾಗೆಯೇ ಮಾಡಿದೆ. ಹೆಚ್ಚುಕಮ್ಮಿ ಕುಕ್ಕರುಗಾಲಲ್ಲಿ ಕೂತಷ್ಟು ಇಳಿದೆ. ಅಪ್ಪ ಬೇಕೆಂದೇ ‘ಎರಡು’ ಅನ್ನುವುದನ್ನು ತಡಮಾಡಿದ. ತೊಡೆ ಉರಿಯುತ್ತಿತ್ತು. ಹಾರಿದಾಗ ಕಾಲಿಗೆ ಮರಳು ಮೂಟೆ ಕಟ್ಟಿದ ಹಾಗಿತ್ತು. ಗುರುತು ಮೊದಲಿನದಕ್ಕಿಂತಲೂ ಕೆಳಗೆ ಬಿತ್ತು. ಹಗ್ಗದ ಆಚೆ ಯಾರೋ ಚ್ಚು ಚ್ಚು ಎಂದರು. ನನ್ನ ಕಣ್ಣಲ್ಲಿ ನೀರು ಬಂತು, ಅಪ್ಪನಿಗೆ ಕಾಣದಿರಲಿ ಎಂದು ಗೋಡೆಯ ಕಡೆಯೇ ತಿರುಗಿ ನಿಂತೆ.

ಮೇಡಂ ಸ್ಟೂಲಿನಿಂದ ಇಳಿದರು. “ಕೆಳಗೆ ಹೋಗಿ ಯಾಕೆ ನಿಲ್ತೀಯ? ಬಸ್ಸು ಕಾಯ್ತಿದ್ದೀಯಾ?”

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಹಗ್ಗ ಎತ್ತಿ ಒಳಗೆ ಬಂದೇಬಿಟ್ಟ. “ನಾನೇ ಹೇಳ್ಕೊಟ್ಟಿದ್ದು ಮೇಡಂ. ಬಲ ಕಟ್ಕೊಳ್ಳೋಕೆ ಟೈಮ್ ಬೇಕಲ್ರಿ.”

“ಸರ್, ನಿಂತರೆ ಬಲ ಕಟ್ಟೋದಿಲ್ಲ. ಹೋಗುತ್ತೆ.”

“ಅದೆಂಗೆ ಹೋಗುತ್ತೆ?” ಅಪ್ಪನ ದನಿ ಏರಿತು. ಇಷ್ಟು ವರ್ಷ ಸಾಲುಗಟ್ಟಲೆ ಮಕ್ಕಳನ್ನು ಹಾರಿಸಿದವನು ಅವನು. “ರಬ್ಬರ್ ಎಳೆದು ಹಿಡ್ಕೊಂಡ್ರೆ ಬಿಡೋ ತನಕ ಬಲ ಅದ್ರಾಗೇ ಇರುತ್ತಲ್ರಿ? ಕಾಲೂ ಹಂಗೇ ಅಲ್ವಾ?”

ಸುತ್ತ ಇದ್ದ ಮೇಷ್ಟ್ರುಗಳು ಹತ್ತಿರ ಬಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಒಂದೇ ಒಂದು ಅವಕಾಶ ಉಳಿದಿತ್ತು, ಇವರು ಅದನ್ನು ಬಿಟ್ಟು ರಬ್ಬರಿನ ಬಗ್ಗೆ ಜಗಳಕ್ಕೆ ನಿಂತಿದ್ದರು.

ಮೇಡಂ ಮಾತ್ರ ಸಿಟ್ಟಾಗಲಿಲ್ಲ. “ಒಳ್ಳೆ ಪ್ರಶ್ನೆ ಸರ್” ಎಂದು ನನ್ನ ಕಡೆ ತಿರುಗಿದರು. “ತೊಡೆ ಮೇಲೆ ಎರಡೂ ಅಂಗೈ ಇಟ್ಕೋ. ನಿಧಾನಕ್ಕೆ ಇಳಿದು ನಿಲ್ಲು.” ನಿಂತೆ. ತೊಡೆ ಗಟ್ಟಿಯಾಗಿತ್ತು. “ಈಗ ಎದ್ದು ನಿಂತು, ದಡಕ್ಕನೆ ಕುಸಿದು, ಬೀಳೋಕೆ ಮುಂಚೆ ನಿನ್ನನ್ನು ನೀನೇ ತಡೆದುಕೋ.” ಹಾಗೆ ಮಾಡಿದೆ. ಬೀಳುವುದನ್ನು ತಡೆದ ಆ ಗಳಿಗೆಯಲ್ಲಿ ಅಂಗೈ ಕೆಳಗಿನ ಮಾಂಸ ಕಬ್ಬಿಣವಾಯಿತು. ಮರುಗಳಿಗೆಗೆ, ನಾನಿನ್ನೂ ಬಗ್ಗಿ ನಿಂತಿರುವಾಗಲೇ, ಮೊದಲಿನಷ್ಟು ಗಟ್ಟಿಗೆ ಇಳಿಯಿತು.

“ಗೊತ್ತಾಯ್ತಾ?” ಎಂದರು ಮೇಡಂ. ಮಾತು ನನಗೆ, ಕಣ್ಣು ಅಪ್ಪನ ಮೇಲೆ. “ವೇಗವಾಗಿ ಕುಸಿಯೋವಾಗ ಮೈಯನ್ನು ತಡೆದು ನಿಲ್ಲಿಸೋಕೆ ತೊಡೆ, ಮೀನಖಂಡ ಎಲ್ಲಾ ಜೋರಾಗಿ ಬಿಗಿಯುತ್ತವೆ. ಬಿಗಿದಿರುವಾಗಲೇ ಎಳೆತಕ್ಕೆ ಸಿಗ್ತವೆ. ನಿನ್ನ ತೂಕಕ್ಕಿಂತ ಎಷ್ಟೋ ಜಾಸ್ತಿ ಬಲ ಆಗ ಕಾಲಲ್ಲಿ ಇರುತ್ತೆ. ಆ ಬಲ ಇರುವಾಗಲೇ ಮೇಲಕ್ಕೆ ತಿರುಗಿದರೆ, ಮೊದಲ ಕ್ಷಣದಿಂದಲೇ ಪೂರ್ತಿ ಬಲದಿಂದ ನೆಲ ತಳ್ಳಬಹುದು. ನಿಂತುಬಿಟ್ಟರೆ? ನಿಲ್ಲೋಕೆ ನಿನ್ನ ತೂಕ ಹೊರುವಷ್ಟು ಬಲ ಸಾಕು. ಮಿಕ್ಕಿದ್ದನ್ನ ಕಾಲು ಸುಮ್ಮನೆ ಬಿಟ್ಟುಬಿಡುತ್ತೆ. ಆಮೇಲೆ ಎರಡು ಅಂದಾಗ ಮತ್ತೆ ಅಲ್ಲಿಂದ ಬಲ ಕೂಡಿಸಬೇಕು. ಮಾಂಸಕ್ಕೆ ಬಲ ಕೂಡಿಸೋಕೂ ಸ್ವಲ್ಪ ಹೊತ್ತು ಬೇಕು. ಅದು ಪೂರ್ತಿ ಕೂಡುವಷ್ಟರಲ್ಲಿ ನೀನು ಅರ್ಧ ಎದ್ದುಬಿಟ್ಟಿರ್ತೀಯ.”

“ಮತ್ತೆ ರಬ್ಬರು?” ಎಂದ ಅಪ್ಪ. ದನಿ ಇಳಿದಿತ್ತು, ಬಿಡಲು ಮಾತ್ರ ಮನಸ್ಸಿರಲಿಲ್ಲ.

“ರಬ್ಬರೂ ಇದೆ ಸರ್, ಅದೊಂದು ಭಾಗ ಅಷ್ಟೇ.” ಮೇಡಂ ಬಗ್ಗಿ ನನ್ನ ಹಿಮ್ಮಡಿಯ ಮೇಲೆ ಮಾಂಸವನ್ನು ಮೂಳೆಗೆ ಕಟ್ಟುವ ದಪ್ಪ ನರವನ್ನು ಚಿವುಟಿ ತೋರಿಸಿದರು. “ಇಂಥ ನರಗಳು ಆಗ ಹಿಗ್ಗಿ ಒಂದಿಷ್ಟು ಬಲ ಹಿಡಿದಿಟ್ಟುಕೊಳ್ತವೆ. ನೀವು ಹೇಳಿದ ರಬ್ಬರಿನ ಒಂದು ತುದಿ ನಿಮ್ಮ ಕೈಲಿ ಗಟ್ಟಿಯಾಗಿರುತ್ತೆ. ಇಲ್ಲಿ ಆ ತುದಿ ಹಿಡಿದಿರೋದು ಮಾಂಸ. ನಿಂತಾಗ ಆ ಹಿಡಿತಾನೇ ಸಡಿಲ ಆಗುತ್ತೆ. ನರ ಮೆಲ್ಲಗೆ ಮೊದಲಿನ ಹಾಗಾಗುತ್ತೆ. ಹಿಡಿದಿಟ್ಟಿದ್ದು ಸುಮ್ಮನೆ ಶಾಖವಾಗಿ ಹೋಗುತ್ತೆ, ಹಾರೋಕೆ ಸಿಗಲ್ಲ.”

ಅಪ್ಪ ನನ್ನ ಹಿಮ್ಮಡಿಯನ್ನೇ ನೋಡುತ್ತಾ ನಿಂತ. ಆಮೇಲೆ, “ಎಷ್ಟು ಕಮ್ಮಿ ಆಗುತ್ತೆ ಮೇಡಂ? ನಿಂತ್ರೆ?” ಎಂದು ಕೇಳಿದ.

“ಒಬ್ಬೊಬ್ಬರಿಗೆ ಒಂದೊಂದು ಥರ. ಒಂದು ಬೆರಳು, ಎರಡು ಬೆರಳು.”

ಅಪ್ಪ ತನ್ನ ಬೆರಳನ್ನೇ ನೋಡಿಕೊಂಡ. ಹಗ್ಗದ ಆಚೆ ನಿಂತಿದ್ದ ಅಕ್ಕನನ್ನು ನಾನು ಆಗ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಮೇಡಂ ನನಗೆ ಒಂದು ಉಪಕಾರ ಮಾಡಿದರು. ಉಳಿದ ಹುಡುಗಿಯರದ್ದು ಮುಗಿಯಲಿ, ಕೊನೆಗೆ ನಿನ್ನನ್ನು ಕರೆಯುತ್ತೇನೆ, ಅಷ್ಟರಲ್ಲಿ ಅಭ್ಯಾಸ ಮಾಡಿಕೋ ಎಂದರು. ಮೈದಾನದ ಮೂಲೆಯಲ್ಲಿ ಒಂದು ಬೇವಿನ ಮರವಿತ್ತು. ಅದರ ಕೆಳಗೆ ಹೋದೆವು.

ನನಗೆ ವಿಷಯ ಅರ್ಥವಾಗಿತ್ತು. ಕಾಲಿಗೆ ಅರ್ಥವಾಗಿರಲಿಲ್ಲ. ನಿಲ್ಲಬಾರದು, ನಿಲ್ಲಬಾರದು ಎಂದು ಮನಸ್ಸಲ್ಲಿ ಹೇಳಿಕೊಂಡು ಇಳಿದರೂ ಕೆಳಗೆ ಹೋದ ತಕ್ಷಣ ಮೈ ತಾನಾಗಿ ಕಲ್ಲಾಗುತ್ತಿತ್ತು. ದಿನಾ ಬೆಳಿಗ್ಗೆ ಶಭಾಷ್ ಪಡೆದು ಕಲಿತ ಪಾಠ, ಒಂದು ಗಂಟೆಯಲ್ಲಿ ಮರೆ ಅಂದರೆ ಮರೆಯುತ್ತದೆಯೇ? ನಿಲ್ಲಬಾರದೆಂಬ ಭಯಕ್ಕೆ ಒಮ್ಮೆ ಇಳಿಯದೆಯೇ ಹಾರಿದೆ. ಇನ್ನೊಮ್ಮೆ ಮೆಲ್ಲಗೆ ಇಳಿದು ಮೆಲ್ಲಗೆ ಎದ್ದೆ. ಎರಡೂ ಕೆಲಸಕ್ಕೆ ಬಾರದವು. ಅಲ್ಲಿ ಗೋಡೆಯ ಹತ್ತಿರ ಸರದಿ ಕರಗುತ್ತಿತ್ತು. ಗೆರೆ ಮುಟ್ಟಿದವರು ಕುಣಿಯುವುದು, ಮುಟ್ಟದವರು ಅಳುವುದು ಇಲ್ಲಿಗೆ ಕೇಳುತ್ತಿತ್ತು.

ಅಪ್ಪ ಬೆವರು ಒರೆಸಿಕೊಳ್ಳುತ್ತಾ, “ಇಲ್ಲಿ ನೋಡು, ನಾನು ಬೇಗ ಬೇಗ ಹೇಳ್ತೀನಿ. ಒಂದೆರಡು. ನಡುವೆ ಬಿಡೋದೇ ಇಲ್ಲ. ಒಂದೆರಡು!” ಎಂದ. ಅವನ ‘ಒಂದು’ ಕಿವಿಗೆ ಬಿದ್ದದ್ದೇ ತಡ, ನನ್ನ ಮೊಣಕಾಲು ಕೀಲಿ ಹಾಕಿಕೊಂಡವು. ಅವನು ‘ಎರಡು’ ಅಂದಾಗ ನಾನಿನ್ನೂ ಕೆಳಗೇ ಇದ್ದೆ. “ಒಂದೆರಡು!” ಅಪ್ಪ ಕೈ ಬೀಸಿ ಮತ್ತೆ ಹೇಳಿದ. “ಒಂದೆರಡು!” ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಒತ್ತರಿಸಿ ಬಂದವು.

“ಅಪ್ಪ, ನೀನು ಆ ಕಡೆ ಹೋಗು.”

ಹೇಳಿದ್ದು ಅಕ್ಕ. ದನಿ ಎತ್ತರಿಸಿರಲಿಲ್ಲ. ಅಷ್ಟು ಕಾಲದಲ್ಲಿ ಅವಳು ಅಪ್ಪನಿಗೆ ಊಟ, ನೀರು ಬಿಟ್ಟು ಬೇರೆ ಆಡಿದ ಮೊದಲ ಮಾತು ಅದು. ಅಪ್ಪ ಅವಳನ್ನೇ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಅವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಮೈದಾನ ದಾಟಿ, ಗೇಟಿನ ಹತ್ತಿರ ಹೋಗಿ ರಸ್ತೆಗೆ ಮುಖ ಮಾಡಿ ನಿಂತ. ಸೀಟಿಯನ್ನೂ ತೆಗೆದು ಜೇಬಿಗೆ ಹಾಕಿಕೊಂಡದ್ದು ಕಾಣಿಸಿತು.

ಅಕ್ಕ ತಲೆಯ ಮೇಲಿನ ಕೊಂಬೆ ತೋರಿಸಿದಳು. “ಆ ಎಲೆ ಕಿತ್ಕೊಡು.”

“ಈಗ ಎಲೆ ಯಾಕೆ?”

“ಕಿತ್ಕೊಡು ಅಂದ್ನಲ್ಲ. ಬೇಗ.”

ಹಾರಿ ಕಿತ್ತೆ. ಏನು ಮಾಡಿದೆ ಎಂದು ನನಗೇ ತಿಳಿಯಲಿಲ್ಲ. ಅಕ್ಕ ಮೇಲಿನ ಇನ್ನೊಂದು ತೋರಿಸಿದಳು. ಅದನ್ನೂ ಕಿತ್ತೆ. “ಈಗ ನಿಂತ್ಯಾ?” ಎಂದು ಕೇಳಿದಳು. ನಾನು ಕೈಯಲ್ಲಿದ್ದ ಎಲೆಯನ್ನು ನೋಡಿದೆ. ನಿಂತಿರಲಿಲ್ಲ. ಆಟದಲ್ಲಿ ಚೆಂಡಿಗೆ ಹಾರುವಾಗಲೂ ನಾನು ಯಾವತ್ತೂ ನಿಂತವಳಲ್ಲ. ಗೋಡೆ ಎಂದರೆ ಕವಾಯತು ಎಂದು ಕಾಲು ಅಂದುಕೊಂಡಿತ್ತು, ಅಷ್ಟೇ.

“ಕೂತ್ಕೋಬೇಡ ಕಣೇ, ಬೀಳು” ಎಂದಳು ಅಕ್ಕ. “ನೆಲ ಕಾಲ್ಕೆಳಗಿಂದ ಹೋತು ಅಂದ್ಕೋ. ಬೀಳೋಳು ಏನ್ಮಾಡ್ತಾಳೆ? ತಡ್ಕೋತಾಳೆ. ತಡ್ಕೊಂಡಿದ್ದೇ ಎಗರು. ಆಳಕ್ಕೆ ಹೋಗ್ಬೇಡ. ಕೈ ಹಿಂದಕ್ಕೆ ಹೋಗಿ ಹಂಗೇ ಮೇಲಕ್ಕೆ ಬರ್ಲಿ.”

ಮತ್ತೆ ಮತ್ತೆ ಮಾಡಿಸಿದಳು. ಆದರೆ ಮರದ ಕಾಂಡಕ್ಕೆ ಮುಖ ಮಾಡಿ ನಿಲ್ಲಿಸಿದಾಗ ನಾನು ಇಳಿದಲ್ಲೇ ಮತ್ತೆ ನಿಂತುಬಿಟ್ಟೆ. ಅಕ್ಕ ತಲೆ ಚಚ್ಚಿಕೊಂಡಳು. ಅಷ್ಟರಲ್ಲಿ ನನ್ನ ಹೆಸರು ಕೇಳಿಸಿತು.

ಗೋಡೆಯ ಹತ್ತಿರ ಹೋಗಿ ಡಬ್ಬಿಗೆ ಬೆರಳು ಅದ್ದಿದೆ. ಸುಣ್ಣದ ಪುಡಿ ಬೆವರಿಗೆ ಅಂಟಿ ಹಿಟ್ಟಾಯಿತು. ಮೇಡಂ ನನ್ನ ಬೆರಳನ್ನು ತಮ್ಮ ಕರ್ಚೀಫಿನಿಂದ ಒರೆಸಿ ಮತ್ತೆ ಪುಡಿ ಹಚ್ಚಿಸಿದರು. “ಆತುರ ಇಲ್ಲ. ನಿನಗೆ ಬೇಕಾದಾಗ” ಎಂದರು. ಮೇಲೆ ಕೆಂಪು ಗೆರೆ, ಕೆಳಗೆ ನನ್ನ ಎರಡು ಬಿಳಿ ಸೋಲುಗಳು. ಮೈದಾನ ಸದ್ದಿಲ್ಲದೆ ನಿಂತಿತ್ತು. ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಅದೇ. ಅಪ್ಪನ ದನಿಯಿಲ್ಲದೆ ಗೋಡೆಯ ಪಕ್ಕ ನಾನು ಯಾವತ್ತೂ ಹಾರಿದವಳೇ ಅಲ್ಲ. ಯಾವಾಗ ಇಳಿಯಬೇಕು ಎಂದು ಯಾರು ಹೇಳುತ್ತಾರೆ? ಒಳಗಿನಿಂದ ‘ಒಂದು’ ಏಳಲು ತಯಾರಾಗುತ್ತಿತ್ತು. ಅದು ಬಂದರೆ ಕೆಟ್ಟೆ ಎಂದು ಗೊತ್ತಿತ್ತು.

ಗೋಡೆ ನೋಡುವುದನ್ನು ಬಿಟ್ಟು ಗೆರೆಗಿಂತ ಮೇಲೆ, ಗಾರೆ ಉದುರಿದ ಒಂದು ಜಾಗ ನೋಡಿದೆ. ಅಲ್ಲೊಂದು ಎಲೆ ಇದೆ ಅಂದುಕೊಂಡೆ. ಮೊಣಕಾಲಿನ ಬಿಗಿ ಬಿಟ್ಟೆ. ನಿಜವಾಗಿಯೂ ಬೀಳುತ್ತೇನೆ ಅನ್ನಿಸಿತು. ತೊಡೆ ಕಚ್ಚಿ ಹಿಡಿಯಿತು. ಹಿಡಿದದ್ದು ಗೊತ್ತಾಗುವ ಮೊದಲೇ ನಾನು ಮೇಲಿದ್ದೆ. ಆ ಹಾರಾಟದಲ್ಲಿ ನನ್ನ ಪ್ರಯತ್ನ ಕಡಿಮೆ ಇತ್ತು ಅನ್ನಿಸಿದ್ದು ನೆನಪಿದೆ, ಯಾರೋ ಕೆಳಗಿನಿಂದ ಎತ್ತಿ ಕೊಟ್ಟ ಹಾಗೆ. ಅಂಗೈ ಗೋಡೆಗೆ ಬಡಿದು ಉರಿಯಿತು.

ಇಳಿದ ಮೇಲೆ ಕತ್ತೆತ್ತಲು ಧೈರ್ಯ ಬರಲಿಲ್ಲ. ಮೇಡಂ ಸ್ಟೂಲು ಹತ್ತಿದ್ದು, ಅಳತೆಪಟ್ಟಿ ಗೋಡೆಗೆ ತಾಗಿದ್ದು ಕೇಳಿಸಿತು. “ಮುಟ್ಟಿದ್ದೀಯ” ಎಂದರು. ನೋಡಿದೆ. ಬೆರಳ ತುದಿಯ ಬಿಳಿ ಕೆಂಪು ಗೆರೆಯನ್ನು ದಾಟಿ, ಸ್ವಲ್ಪವೇ, ಆಚೆ ಇತ್ತು. ನಾನು ಕಿರುಚಿದೆ. ಅಕ್ಕ ಹಗ್ಗದ ಕೆಳಗೆ ನುಸುಳಿ ಬಂದು ನನ್ನನ್ನು ತಬ್ಬಿಕೊಂಡಳು. ಅಷ್ಟು ಖುಷಿ ನನಗೆ ಆಮೇಲೆ ಬಹಳ ಸಲ ಸಿಕ್ಕಿಲ್ಲ. ಖುಷಿಯ ಹಿಂದೆಯೇ ಸಿಟ್ಟೂ ಬಂತು. ಎರಡು ಸಲ ಸೋಲಿಸಿದ ಆ ಶಭಾಷ್‌ಗಳೆಲ್ಲ ನೆನಪಾದವು.

ಜನ ಕರಗಿದರು. ಮೇಡಂ ಅಳತೆಪಟ್ಟಿ ಎತ್ತಿಡುತ್ತಿದ್ದರು. ಅಪ್ಪ ಗೇಟಿನಿಂದ ನಡೆದು ಬರುತ್ತಿದ್ದ, ಮುಖ ನೋಡಿದರೆ ಫಲಿತಾಂಶ ಅವನಿಗೆ ಇನ್ನೂ ಗೊತ್ತಿರಲಿಲ್ಲ. ನಾನು ಬೆರಳು ಮೇಲೆತ್ತಿ ತೋರಿಸಿದೆ. ಅಪ್ಪ ಅಲ್ಲೇ ನಿಂತು ಎರಡೂ ಕೈ ಜೋಡಿಸಿದ, ಯಾವ ದೇವರಿಗೋ.

ಆಗ ಅಕ್ಕ ಮೇಡಂ ಹತ್ತಿರ ಹೋದಳು. “ಮೇಡಂ, ಒಂದ್ಸಲ ನಾನು ಎಗರ್ಲಾ?”

ಮೇಡಂ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ವಯಸ್ಸು?”

“ದಾಟೈತೆ. ಸುಮ್ನೆ.”

ಮೇಡಂ ಸುಣ್ಣದ ಡಬ್ಬಿ ಮುಂದೆ ಹಿಡಿದರು. ಅಕ್ಕ ಚಪ್ಪಲಿ ಬಿಟ್ಟು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು, ಗೋಡೆಯ ಪಕ್ಕ ನಿಂತು ಗುರುತು ಹಾಕಿದಳು. ಮೇಡಂ ಅಭ್ಯಾಸಬಲದಿಂದಲೋ ಏನೋ ಅಳೆದು ಅವಳಿಗೂ ಒಂದು ಕೆಂಪು ಗೆರೆ ಎಳೆದರು. ಅಷ್ಟು ಹೊತ್ತಿಗೆ ಅಪ್ಪ ನನ್ನ ಪಕ್ಕ ಬಂದು ನಿಂತಿದ್ದ. ಅವನ ತುಟಿ ಅಲುಗಿದ್ದನ್ನು ನಾನು ನೋಡಿದೆ. ‘ಒಂದು’ ಅನ್ನಲು ಹೊರಟವನು ತುಟಿ ಕಚ್ಚಿಕೊಂಡ.

ಅಕ್ಕ ಸಿದ್ಧವಾಗುವುದಕ್ಕೆ ಹೊತ್ತು ತೆಗೆದುಕೊಳ್ಳಲಿಲ್ಲ. ಕುಸಿದಳು, ಎದ್ದಳು. ಕುಸಿದದ್ದು ಎಲ್ಲಿಗೆ ಮುಗಿಯಿತು, ಎದ್ದದ್ದು ಎಲ್ಲಿಂದ ಶುರುವಾಯಿತು ಎಂದು ಕಣ್ಣಿಗೆ ಸಿಗಲಿಲ್ಲ. ಬಹಳ ಹೊತ್ತು ಮೇಲೇ ಇದ್ದಳು ಅನ್ನಿಸಿತು. ಗೋಡೆಗೆ ಅಂಗೈ ಬಡಿದ ಸದ್ದಿಗೆ ಗೇಟಿನ ಹತ್ತಿರ ಹೋಗುತ್ತಿದ್ದ ಹುಡುಗಿಯರು ತಿರುಗಿ ನೋಡಿದರು. ಗುರುತು ಗೆರೆಯನ್ನು ದಾಟಿ ಎಷ್ಟೋ ಮೇಲಿತ್ತು. ಅವತ್ತು ಆ ಗೋಡೆಯಲ್ಲಿ ಯಾರೂ ತಮ್ಮ ಗೆರೆಗಿಂತ ಅಷ್ಟು ಮೇಲೆ ಹೋಗಿರಲಿಲ್ಲ. ಬಹಳ ದಿನದಿಂದ ಮೈದಾನಕ್ಕೇ ಇಳಿಯದ, ಅಭ್ಯಾಸವಿಲ್ಲದ ಕಾಲು ಅದು.

ಮೇಡಂ ಸೀಮೆಸುಣ್ಣ ಕೈಯಲ್ಲಿ ಹಿಡಿದು ಆ ಗುರುತನ್ನೇ ನೋಡುತ್ತಾ ನಿಂತರು. “ಮೊದಲೇ ಯಾಕೆ ಬರಲಿಲ್ಲ ನೀನು?” ಎಂದು ಕೇಳಿದರು.

“ಬಂದಿದ್ದೆ” ಎಂದಳು ಅಕ್ಕ.

ಅಪ್ಪ ಗೋಡೆಯ ಹತ್ತಿರ ಹೋದ. ಕೈ ಚಾಚಿ ಆ ಬಿಳಿ ಗುರುತನ್ನು ಮುಟ್ಟಲು ನೋಡಿದ, ಅವನಿಗೆ ಎಟುಕಲಿಲ್ಲ. ತಿರುಗಿ ನಿಂತ. ಅಷ್ಟು ಸಾಲು ಮಕ್ಕಳನ್ನು ಒಂದೇ ದನಿಯಲ್ಲಿ ನಿಲ್ಲಿಸುತ್ತಿದ್ದವನು ಅಕ್ಕನಿಗೆ ಮೆಲ್ಲಗೆ ಹೇಳಿದ.

“ಅವತ್ತು ನಾನು ನಿನಗೆ... ಮನಸ್ಸಿಟ್ಟು ಎಗರ್ಲಿಲ್ಲ ಅಂದ್ನಲ್ಲವ್ವ.”

ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ದುಪಟ್ಟಾದ ಗಂಟು ಬಿಚ್ಚಿ, ಅದರ ತುದಿಗೆ ಬೆರಳ ಸುಣ್ಣ ಒರೆಸಿಕೊಂಡಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

“ಮನಸ್ಸಿಟ್ಟೇ ಎಗರಿದ್ದೆ ಅಪ್ಪ. ನೀನು ಹೇಳ್ದಂಗೇ ಎಗರಿದ್ದೆ.”